ಟೈಲ್ಸಿಗೊಂದು ತೂತು

ಗೃಹಪ್ರವೇಶಕ್ಕೆ ಬಂದ ನೆಂಟರೆಲ್ಲ ಬಚ್ಚಲುಮನೆಯ ಬಾಗಿಲು ತೆರೆದು, ‘ಟೈಲ್ಸ್ ಎಷ್ಟು ಚೆನ್ನಾಗಿದೆ!’ ಎಂದು ಹೊಗಳಿ ಊಟಕ್ಕೆ ಹೋಗುತ್ತಾರೆ. ಇಲ್ಲಿ ಟವೆಲ್ ಎಲ್ಲಿ ಹಾಕುತ್ತೀರಿ ಎಂದು ಒಬ್ಬರೂ ಕೇಳುವುದಿಲ್ಲ. ಆ ಪ್ರಶ್ನೆ ಹೊಳೆಯುವುದು ಮರುದಿನ ಮನೆಯ ಯಜಮಾನನಿಗೆ, ಅದೂ ತಲೆಯ ಮೇಲೆ ನೀರು ಹುಯ್ದುಕೊಂಡ ಮೇಲೆ. ಹಿಂದಿನ ಬಚ್ಚಲುಗಳಲ್ಲಿ ಈ ತಾಪತ್ರಯ ಇರಲಿಲ್ಲ. ಬೇಕಾದಲ್ಲಿ ಮೊಳೆ ಹೊಡೆಯಬಹುದಿತ್ತು. ಒಂದಿಷ್ಟು ಗಾರೆ ಉದುರಿದರೂ ಹಂಡೆಯೊಲೆಯ ಮಸಿ ಆ ಗಾಯವನ್ನು ತಿಂಗಳೊಳಗೆ ಮುಚ್ಚಿಬಿಡುತ್ತಿತ್ತು. ಈಗ ನೆಲದಿಂದ ಏಳಡಿಯವರೆಗೂ ಫಳಫಳ ಹೊಳೆಯುವ ಟೈಲ್ಸು. ಅದಕ್ಕೆ ಮೊಳೆ ತೋರಿಸಿದರೂ ಸಾಕು, ಬಿರುಕು ಬಿಡುತ್ತದೇನೋ ಎಂಬ ಭಯ.

ಹೀಗಾಗಿ ಹೊಸ ಮನೆಗಳಲ್ಲಿ ಟವೆಲ್ಲು ಬಾಗಿಲ ಮೇಲೆ, ನಲ್ಲಿಯ ಕತ್ತಿನಲ್ಲಿ, ಗೀಸರಿನ ಪೈಪಿನಲ್ಲಿ ಕಾಲ ಹಾಕುತ್ತದೆ. ಅಂಟಿಸುವ ಕೊಕ್ಕೆ ತಂದವರೂ ಇದ್ದಾರೆ. ಅದು ಹಗಲೆಲ್ಲ ಗೋಡೆಗೆ ನಿಷ್ಠೆಯಿಂದ ಅಂಟಿಕೊಂಡಿದ್ದು, ಅಪರಾತ್ರಿಯಲ್ಲಿ ಬಕೆಟ್ಟಿನೊಳಕ್ಕೆ ಬಿದ್ದು ಮನೆಮಂದಿಯನ್ನೆಲ್ಲ ಎಬ್ಬಿಸುತ್ತದೆ. ನಮ್ಮಲ್ಲೂ ಒಂದು ರಾತ್ರಿ ಹಾಗೇ ಆದಾಗ ನನ್ನ ಹೆಂಡತಿ ಟವೆಲ್ ರಾಡನ್ನು ಸ್ಕ್ರೂ ಹಾಕಿಯೇ ಕೂರಿಸಬೇಕೆಂದು ಆಜ್ಞೆ ಹೊರಡಿಸಿದಳು. ಟೈಲ್ಸ್ ಅಂಗಡಿಗೆ ಫೋನ್ ಮಾಡಿ, ಅಕಸ್ಮಾತ್ ಒಂದು ಒಡೆದರೆ ಅದೇ ಸಿಗುತ್ತದೆಯೇ ಎಂದು ಕೇಳಿದೆ. ‘ಆ ಡಿಸೈನ್ ನಿಂತು ಹೋಯ್ತು ಸಾರ್’ ಎಂದರು. ಡಿಸೈನು ಯಾವಾಗಲೂ ನಮ್ಮ ಗೃಹಪ್ರವೇಶವಾದ ಮೇಲೆಯೇ ನಿಂತು ಹೋಗುತ್ತದೆ.

ಆ ಸಮಯಕ್ಕೆ ಸರಿಯಾಗಿ ನಮ್ಮ ಮಾವನವರು ಊರಿನಿಂದ ಬಂದಿದ್ದರು. ಕಾರ್ಖಾನೆಯೊಂದರ ಟೂಲ್ ರೂಮಿನಲ್ಲಿ ಆಯುಷ್ಯ ಕಳೆದವರು. ಡ್ರಿಲ್ ಬಿಟ್ಟಿನ ಮೊನೆಯನ್ನು ಹೆಬ್ಬೆರಳಿನಲ್ಲಿ ಸವರಿಯೇ ಅದರ ಜಾತಕ ಹೇಳಬಲ್ಲವರು. ಸಜ್ಜದ ಮೇಲೆ ಉಳಿದಿದ್ದ ಒಡಕಲು ಟೈಲ್ಸನ್ನು ಇಳಿಸಿ ಅದರ ಅಂಚನ್ನು ನನ್ನ ಮೂಗಿನ ಹತ್ತಿರ ಹಿಡಿದರು. ‘ನೋಡಿ ಅಳಿಯಂದ್ರೇ, ಇದು ಬಿಸ್ಕತ್ತು. ಮೇಲೆ ಗಾಜು ಬಳಿದಿದ್ದಾರೆ, ಅಷ್ಟೆ.’

ಮಾತು ಅಕ್ಷರಶಃ ನಿಜ. ಗೋಡೆಯ ಸೆರಾಮಿಕ್ ಟೈಲ್ಸಿನ ಒಡಲು ಸುಟ್ಟ ಜೇಡಿಮಣ್ಣು. ಒಳಗೆಲ್ಲ ಸಣ್ಣ ಸಣ್ಣ ರಂಧ್ರ, ನೀರು ಬಿಟ್ಟರೆ ಹೀರಿಕೊಳ್ಳುವ ಮೆದು ಪದಾರ್ಥ. ಅದರ ಮೇಲಿನ ಹೊಳಪೆಲ್ಲ ಒಂದು ಮಿಲಿಮೀಟರೂ ದಪ್ಪವಿಲ್ಲದ ಗಾಜಿನ ಪದರ. ಕೊರೆಯುವವನ ಸಂಕಟವೆಲ್ಲ ಈ ಪದರದ್ದೇ. ಅದನ್ನು ದಾಟಿದ ಮೇಲೆ ಒಡಲು ಏನೂ ತಕರಾರು ಮಾಡುವುದಿಲ್ಲ. ಗಾಜು ಅದುಮಿದರೆ ತಡೆಯುತ್ತದೆ, ಎಳೆದರೆ ಅಥವಾ ಬಗ್ಗಿಸಿದರೆ ತಡೆಯದು. ಒಂದು ಕಡೆ ಗೀರು ಬಿದ್ದು ಆ ಗೀರನ್ನು ಯಾವುದೋ ಬಲ ಎರಡೂ ಕಡೆಗೆ ಎಳೆಯಿತೆಂದರೆ, ಬಿರುಕು ಅಂಚು ಮುಟ್ಟುವವರೆಗೂ ಓಡುತ್ತದೆ. ಆದ್ದರಿಂದ ಟೈಲ್ಸನ್ನು ಬಡಿಯಬಾರದು, ಬಗ್ಗಿಸಬಾರದು, ಒಳಗಿನಿಂದ ಹಿಗ್ಗಿಸಲೂಬಾರದು. ಮೊದಲೆರಡು ಎಲ್ಲರಿಗೂ ಗೊತ್ತು. ಮೂರನೆಯದರಲ್ಲೇ ಮನೆಗಳು ಹಾಳಾಗುವುದು.

ಡ್ರಿಲ್ಲಿಗೆ ಕೈ ಹಾಕುವ ಮೊದಲು ಮಾವ ಪೆನ್ಸಿಲ್ ಕೇಳಿದರು. ನಮ್ಮ ಟೈಲ್ಸು 12 ಇಂಚು ಅಗಲ, 18 ಇಂಚು ಎತ್ತರ. ನಾನು ತಂದಿದ್ದ ರಾಡು 18 ಇಂಚಿನದು. ಅಂದಕ್ಕಾಗಿ ರಾಡಿನ ಒಂದು ತುದಿಯನ್ನು ಒಂದು ಟೈಲ್ಸಿನ ನಟ್ಟನಡುವೆ ಗುರುತು ಹಾಕಿ ಎಂದೆ. ಮಾವ ಟೇಪು ಹಿಡಿದು ನಕ್ಕರು. ನಡುವಿನಿಂದ 18 ಇಂಚು ಅಳೆದರೆ, ಇನ್ನೊಂದು ತುದಿ ಸರಿಯಾಗಿ ಎರಡು ಟೈಲ್ಸುಗಳ ಸಂದಿಯ ಮೇಲೆ ಬಂದು ಕೂರುತ್ತದೆ. ಸಂದಿಯಲ್ಲಿ ಕೊರೆದರೆ ಟೈಲ್ಸಿಗೆ ಪೆಟ್ಟಾಗುವುದಿಲ್ಲ ಎಂದು ತಿಳಿದವರು ಬಹಳ ಮಂದಿ. ಸಂದಿಯೋ ಎರಡು ಮಿಲಿಮೀಟರು, ಬಿಟ್ಟೋ ಆರು ಮಿಲಿಮೀಟರು. ಅದು ಆಚೆಗೊಂದು ಈಚೆಗೊಂದು ಅಂಚನ್ನು ಒಟ್ಟಿಗೇ ಕಚ್ಚುತ್ತದೆ. ಟೈಲ್ಸಿನಲ್ಲಿ ಎಲ್ಲಕ್ಕಿಂತ ದುರ್ಬಲವಾದ ಜಾಗವೇ ಅಂಚು, ಮೂಲೆಯಂತೂ ಕೇಳಲೇಬೇಡಿ. ಮಾವ ಮೊದಲ ಗುರುತನ್ನು ಸಂದಿಯಿಂದ ಮೂರು ಇಂಚು ಒಳಗೆ ಹಾಕಿದರು. ಆಗ ಎರಡನೆಯದು ಪಕ್ಕದ ಟೈಲ್ಸಿನಲ್ಲಿ, ಅದರ ಆಚೆಯ ಸಂದಿಯಿಂದ ಮೂರೇ ಇಂಚು ಈಚೆಗೆ ಬಿತ್ತು. ನೋಡುವುದಕ್ಕೂ ಸರಿಸಮ. 24 ಇಂಚಿನ ರಾಡಾಗಿದ್ದರೆ ಎರಡನ್ನೂ ನಟ್ಟನಡುವೆಯೇ ಇಡಬಹುದಿತ್ತಂತೆ. ರಾಡು ಕೊಳ್ಳುವ ಮುಂಚೆ ಟೈಲ್ಸಿನ ಅಗಲ ಅಳೆಯಬೇಕು ಎಂಬುದು ಯಾವ ಅಂಗಡಿಯಲ್ಲೂ ಹೇಳಿಕೊಡದ ಗಣಿತ.

ಆಮೇಲೆ ಬೆರಳ ಗೆಣ್ಣಿನಿಂದ ಗೋಡೆ ತಟ್ಟುವ ಕಾರ್ಯಕ್ರಮ. ಹಿಂದೆ ಸಿಮೆಂಟು ತುಂಬಿದ್ದ ಕಡೆ ‘ಟಕ್ ಟಕ್’, ತುಂಬದ ಕಡೆ ‘ಡಬ್ ಡಬ್’. ಗಾರೆಯವರು ಟೈಲ್ಸಿನ ಬೆನ್ನಿಗೆ ನಡುವೆ ಒಂದು ಮುದ್ದೆ ಸಿಮೆಂಟು ಮೆತ್ತಿ ಒತ್ತಿಬಿಟ್ಟಿದ್ದರೆ ನಾಲ್ಕು ಮೂಲೆಗಳೂ ಟೊಳ್ಳು. ಅಲ್ಲಿ ಡ್ರಿಲ್ ಒತ್ತಿದಾಗ ಹಿಂದೆ ಆಸರೆಯಿಲ್ಲದೆ ಟೈಲ್ಸು ಬಗ್ಗುತ್ತದೆ, ಗಾಜು ಚಿಟಕ್ಕನೆ ಸೀಳುತ್ತದೆ. ನಮ್ಮ ಒಂದು ಗುರುತಿನ ಕೆಳಗೆ ‘ಡಬ್’ ಎಂದಿತು. ಮಾವ ರಾಡನ್ನೇ ನಾಲ್ಕು ಇಂಚು ಮೇಲಕ್ಕೇರಿಸಿದರು. ನಲ್ಲಿಯ ನೇರಕ್ಕೆ ಮೇಲೆ ಕೆಳಗೆ ಎಲ್ಲೂ ಗುರುತು ಬೀಳದಂತೆ ನೋಡಿಕೊಂಡರು. ಪೈಪು ಹೋಗುವುದೇ ಆ ದಾರಿ. ಗೀಸರಿನ ವೈರಿಗೂ ಅದೇ ಮರ್ಯಾದೆ.

ಇಷ್ಟು ಹೊತ್ತಿಗೆ ಎಲೆಕ್ಟ್ರಿಷಿಯನ್ ಹುಡುಗ ಬಂದ. ‘ಐದೇ ನಿಮಿಷ ಸಾರ್’ ಎನ್ನುತ್ತಾ ಗೋಡೆಗೆ ಡ್ರಿಲ್ ಇಟ್ಟ.

‘ತಮ್ಮಾ, ಆ ಸುತ್ತಿಗೆ ಚಿತ್ರ ಇದೆಯಲ್ಲ, ಅದರ ಮೇಲಿಂದ ಗುಂಡಿ ಈಚೆಗೆ ಸರಿಸು’ ಎಂದರು ಮಾವ.

‘ಹ್ಯಾಮರ್ ಇಲ್ದೆ ಹೋಗಲ್ಲ ತಾತ.’

‘ಹೋಗುತ್ತೆ. ಬಿಟ್ ಬದಲಾಯಿಸು.’

ಗೋಡೆಗೆ ಬಳಸುವ ಮಾಮೂಲಿ ಬಿಟ್ಟಿನ ಮೊನೆ ಮೊಂಡು. ಅದು ಕೊಯ್ಯುವುದಿಲ್ಲ, ಜಜ್ಜುತ್ತದೆ. ಹ್ಯಾಮರ್ ಹಾಕಿದರಂತೂ ನಿಮಿಷಕ್ಕೆ ಸಾವಿರಾರು ಏಟು. ಇಟ್ಟಿಗೆಗೆ ಅದು ಸರಿ, ಗಾಜಿಗೆ ಅಲ್ಲ. ಮಾವ ತಮ್ಮ ಪೆಟ್ಟಿಗೆಯಿಂದ ಭರ್ಜಿಯ ಮೊನೆಯಿದ್ದ ಎಂಟು ಎಂಎಂ ಟೈಲ್ಸ್ ಬಿಟ್ಟು ತೆಗೆದರು. ತುದಿಯಲ್ಲಿ ಕಾರ್ಬೈಡಿನ ಚೂಪಾದ ಎಲೆ. ಅದು ಗಾಜನ್ನು ಕೆರೆದು ಕೆರೆದು ಒಳಗಿಳಿಯುತ್ತದೆ. ಗುರುತಿನ ಮೇಲೆ ಮಾಸ್ಕಿಂಗ್ ಟೇಪನ್ನು ಅಡ್ಡಡ್ಡ ಅಂಟಿಸಿದರು, ಮೊದಲ ಸುತ್ತಿಗೆ ಬಿಟ್ಟು ಜಾರಿ ಹೊಳಪಿನ ಮೇಲೆ ರಂಗೋಲಿ ಹಾಕದಿರಲೆಂದು. ಆಮೇಲೆ ಹುಡುಗನಿಗೆ ಹೇಳಿದ್ದು ಇಷ್ಟೇ: ‘ನಿಧಾನ ತಿರುಗಿಸು, ನೇರ ಹಿಡಿ, ಮೈಭಾರ ಹಾಕಬೇಡ.’

ಮೊದಲು ಕೀರಲು ಸದ್ದು. ಬಿದ್ದ ಪುಡಿ ಚಿಟಿಕೆಯಷ್ಟು, ಬಿಳಿ. ಹುಡುಗನಿಗೆ ಬೇಸರ ಬಂದು ಒತ್ತಲು ಹೋದಾಗ ಮಾವ ಅವನ ಮೊಣಕೈ ಹಿಡಿದರು. ಬಿಟ್ಟನ್ನು ನಡುನಡುವೆ ಎತ್ತಿ ಆರಲು ಬಿಟ್ಟರು. ಕಾದ ಮೊನೆ ಬೇಗ ಮೊಂಡಾಗುತ್ತದೆ, ಮೊಂಡಾದರೆ ಕೈ ತಾನಾಗಿ ಒತ್ತುತ್ತದೆ. ಇದ್ದಕ್ಕಿದ್ದಂತೆ ಕೀರಲು ನಿಂತು ಸದ್ದು ಮಂಕಾಯಿತು, ಪುಡಿ ಕೆಂಪಾಗಿ ಧಾರಾಳವಾಗಿ ಸುರಿಯಿತು. ಗಾಜು ದಾಟಿತ್ತು. ಇನ್ನಷ್ಟು ಹೊತ್ತಿಗೆ ಪುಡಿ ಬೂದುಬಣ್ಣಕ್ಕೆ ತಿರುಗಿತು. ಅದು ಹಿಂದಿನ ಸಿಮೆಂಟು, ಅಂದರೆ ಟೈಲ್ಸು ಮುಗಿಯಿತು. ಅಲ್ಲಿಗೆ ಎಂಟರ ಬಿಟ್ಟು ತೆಗೆದು ಗೋಡೆಯ ಆರರ ಬಿಟ್ಟು ಹಾಕಿದರು. ದೊಡ್ಡ ತೂತಿನೊಳಗಿಂದ ಸಣ್ಣ ಬಿಟ್ಟು ಟೈಲ್ಸಿಗೆ ತಾಕದೆ ಗೋಡೆಗೆ ಹೋಗುತ್ತದೆ. ಇಟ್ಟಿಗೆ ಗೋಡೆಯಾದ್ದರಿಂದ ಆಗಲೂ ಹ್ಯಾಮರಿಗೆ ಕೆಲಸ ಕೊಡಲಿಲ್ಲ. ಹುಡುಗ ಆ ಗುಂಡಿಯ ಕಡೆ ವಿಧುರನಂತೆ ನೋಡಿದ.

ತೂತು ಆದದ್ದೇ ತಡ, ನಾನು ಕಾಫಿ ತರಿಸಿದೆ. ‘ಈಗ ಕಾಫಿ ಯಾಕೆ? ಒಡೆಯುವ ಹೊತ್ತು ಬಂದಿರೋದೇ ಈಗ’ ಎಂದರು ಮಾವ.

ವಿಷಯ ಏನೆಂದರೆ ರಾವಲ್ ಪ್ಲಗ್ಗು. ಒಂದು ಕಾಲದಲ್ಲಿ ಗೋಡೆ ಕೊರೆದು ಮರದ ಗೂಟ ಬಡಿದು, ಅದಕ್ಕೆ ಸ್ಕ್ರೂ ಹಾಕುತ್ತಿದ್ದರು. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ಗೋಡೆಗೆ ಗಾಯವಾಗದಂತೆ ವಿದ್ಯುತ್ ಸಾಮಾನು ಕೂರಿಸಬೇಕಾಗಿ ಬಂದಾಗ, ಜಾನ್ ಜೋಸೆಫ್ ರಾಲಿಂಗ್ಸ್ ಎಂಬಾತ ನಾರಿನ ಪುಟ್ಟ ಕೊಳವೆ ಮಾಡಿ 1911ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ. 1958ರಲ್ಲಿ ಜರ್ಮನಿಯ ಆರ್ಟುರ್ ಫಿಶರ್ ಅದನ್ನೇ ನೈಲಾನಿನಲ್ಲಿ ಹೊಸದಾಗಿ ರೂಪಿಸಿದ. ಇಬ್ಬರ ಉಪಾಯವೂ ಒಂದೇ: ಸ್ಕ್ರೂ ಒಳಗೆ ಹೋದಂತೆ ಪ್ಲಗ್ಗು ಹಿಗ್ಗಿ ತೂತಿನ ಸುತ್ತಲ ಗೋಡೆಯನ್ನು ಒತ್ತಿ ಹಿಡಿಯಬೇಕು. ಇಟ್ಟಿಗೆಯನ್ನು ಒತ್ತಿದರೆ ಅದು ಹಿಡಿತ. ಅದೇ ಪ್ಲಗ್ಗಿನ ಬಾಯಿ ಟೈಲ್ಸಿನ ಮಟ್ಟದಲ್ಲೇ ನಿಂತಿದ್ದರೆ ಒತ್ತುವುದು ಟೈಲ್ಸನ್ನು, ಅಂದರೆ ಒಳಗಿನಿಂದ ಸೀಳುವ ಬಲ. ಅಷ್ಟು ಜೋಪಾನವಾಗಿ ಕೊರೆದ ತೂತಿನಿಂದ ಸ್ಕ್ರೂ ಬಿಗಿಮಾಡುವ ಕೊನೆಯ ಅರ್ಧ ಸುತ್ತಿನಲ್ಲಿ ಕೂದಲೆಳೆಯಂಥ ಬಿರುಕು ಹೊರಡುತ್ತದೆ. ಕೆಲವೊಮ್ಮೆ ಅಂದೇ ಕಾಣುವುದೂ ಇಲ್ಲ. ಮೂರು ದಿನ ಬಿಟ್ಟು ಕಂಡಾಗ ಪಾಪ, ಮೊನ್ನೆ ರಾಡಿಗೆ ಟವೆಲ್ ಎಸೆದ ಮಗನ ಮೇಲೆ ಅಪವಾದ.

ಆದ್ದರಿಂದ ಮಾವ ಪ್ಲಗ್ಗಿನ ಕತ್ತಿನ ಪಟ್ಟಿಯನ್ನು ಬ್ಲೇಡಿನಿಂದ ಕೊಯ್ದು ತೆಗೆದರು. ಅದರ ಬಾಯಿಗೆ ಸ್ಕ್ರೂವನ್ನು ಎರಡು ಸುತ್ತು ಹಾಕಿ, ಸ್ಕ್ರೂವಿನ ತಲೆಗೆ ಮೆಲ್ಲಗೆ ತಟ್ಟುತ್ತ ಇಡೀ ಪ್ಲಗ್ಗನ್ನು ಟೈಲ್ಸು ದಾಟಿಸಿ ಗೋಡೆಯೊಳಕ್ಕೆ ಕಳಿಸಿದರು. ರಾಡಿನ ಡಬ್ಬಿಯಲ್ಲಿ ಬಂದಿದ್ದ ಒಂದಿಂಚಿನ ಸ್ಕ್ರೂಗಳನ್ನು ಪಕ್ಕಕ್ಕೆ ತಳ್ಳಿದರು. ಟೈಲ್ಸೇ ಎಂಟು ಎಂಎಂ, ರಾಡಿನ ತಗಡು ಸ್ವಲ್ಪ. ಪ್ಲಗ್ಗು ಒಳಗೆ ಇಳಿದ ಮೇಲೆ ಆ ಸ್ಕ್ರೂ ಅದರ ತುದಿ ಮುಟ್ಟದೆ ನಡುವೆಯೇ ನಿಲ್ಲುತ್ತಿತ್ತು. ಎರಡಿಂಚಿನದು ತರಿಸಿದರು. ತೂತಿಗೆ ಒಂದು ಹನಿ ಸಿಲಿಕಾನ್ ಹಾಕಿದರು, ನೀರು ಒಳಗಿಳಿಯದಿರಲೆಂದು. ಬಿಗಿಮಾಡಿದ್ದು ಕೈಯ ಸ್ಕ್ರೂಡ್ರೈವರಿನಲ್ಲಿ, ತಗಡು ಅಲುಗಾಡದಷ್ಟು ಮಾತ್ರ. ರಾಡು ಕೂತಿತು. ಟೈಲ್ಸು ಕಮಕ್ ಕಿಮಕ್ ಎನ್ನಲಿಲ್ಲ.

ಹೆಂಡತಿ ಒಳಗೆ ಬಂದು ನೋಡಿ, ‘ಹಾಗಾದ್ರೆ ಮಹಡಿ ಬಾತ್‌ರೂಮಿಗೂ ಒಂದು ಹಾಕಿಬಿಡಿ ಅಪ್ಪ’ ಎಂದಳು. ಮಾವ ಅಲ್ಲಿಯ ಉಳಿಕೆ ಚೂರಿನ ಬೆನ್ನಿಗೆ ಒಂದು ತೊಟ್ಟು ನೀರು ಬಿಟ್ಟರು. ಕೆಳಗಿನ ಟೈಲ್ಸಾಗಿದ್ದರೆ ಅದನ್ನು ನೋಡನೋಡುತ್ತ ಕುಡಿದುಬಿಡುತ್ತಿತ್ತು. ಇದರ ಮೇಲೆ ತೊಟ್ಟು ಹಾಗೇ ಮುತ್ತಾಗಿ ಕೂತಿತು. ‘ವಿಟ್ರಿಫೈಡು. ಇದು ಬೆನ್ನಿನವರೆಗೂ ಕಲ್ಲು. ಭರ್ಜಿ ಬಿಟ್ಟು ಇದರ ಮುಂದೆ ಮೊಂಡಾಗುತ್ತೆ. ವಜ್ರದ ಪುಡಿ ಕೂರಿಸಿದ ಟೊಳ್ಳು ಬಿಟ್ ಬೇಕು. ಅದಕ್ಕೆ ನಡುಮೊನೆ ಇರೋದಿಲ್ಲ, ಮೊದಲು ಓರೆ ಹಿಡಿದು ಅರ್ಧಚಂದ್ರ ಕೊರೆದು ಆಮೇಲೆ ನೇರ ಮಾಡಬೇಕು. ಒಬ್ಬರು ಪಕ್ಕದಲ್ಲಿ ನಿಂತು ಸ್ಪ್ರೇ ಬಾಟಲಿಯಿಂದ ನೀರು ಹಾಕ್ತಾ ಇರಬೇಕು, ಡ್ರಿಲ್ಲಿನ ಮೈಮೇಲೆ ಬೀಳದ ಹಾಗೆ.’

ಹುಡುಗ ವೈರು ಸುತ್ತುವುದನ್ನು ನಿಲ್ಲಿಸಿ ಎಲ್ಲವನ್ನೂ ಶ್ರದ್ಧೆಯಿಂದ ಕೇಳಿಸಿಕೊಂಡ. ಆಮೇಲೆ ನನ್ನ ಕಡೆ ತಿರುಗಿ ಹೇಳಿದ: ‘ಅದಕ್ಕೆ ರೇಟು ಬೇರೆ ಸಾರ್. ತಾತ ಇದ್ದರೆ ಇನ್ನೂ ಸ್ವಲ್ಪ ಜಾಸ್ತಿ.’