ಮಂಡಕ್ಕಿ ಅಳೆಯೋದು, ಮೆಣಸಿನಕಾಯಿ ಎಣಿಸೋದು

ಪಕ್ಕದ ಮನೆ ಅಕ್ಕನ ಮಗಳಿಗೆ ಪುಣೆಯಲ್ಲಿ ಕೆಲಸ ಸಿಕ್ಕಿದೆ. ಅಲ್ಲಿನ ಹಾಸ್ಟೆಲ್‌ನವರಿಗೆ ಇಂಗ್ಲಿಷಿನಲ್ಲಿ ಒಂದು ಪತ್ರ ಬರೆದು, ಕಳಿಸೋ ಮೊದಲು ನನಗೆ ತೋರಿಸೋಣ ಅಂತ ಕಾಂಪೌಂಡಿನ ಹತ್ತಿರ ಬಂದಳು. ಅವಳ ಹಿಂದೆ ಅಕ್ಕನೂ ಬಂದರು, ಒಗೆದ ಬಟ್ಟೆಯ ಬಕೆಟ್ಟು ಕೈಯಲ್ಲೇ ಇತ್ತು. ನಮ್ಮ ದೇವರಾಜ ಅರಸು ಬಡಾವಣೆಯಲ್ಲಿ ಕಾಂಪೌಂಡಿಗೆ ಒರಗಿ ನಿಂತ ಮಾತು ಬೇಗ ಮುಗಿಯೋದಿಲ್ಲ. ಅವತ್ತು ಬಟ್ಟೆ ಬಕೆಟ್ಟಿನಲ್ಲೇ ಉಳಿಯಿತು.

ಪತ್ರ ಹೀಗಿತ್ತು: ‘ಆರ್ ದೇರ್ ಎನಿ ಫರ್ನಿಚರ್ಸ್ ಇನ್ ದ ರೂಮ್? ಹೌ ಮೆನಿ ಲಗೇಜಸ್ ಕ್ಯಾನ್ ಐ ಬ್ರಿಂಗ್? ಪ್ಲೀಸ್ ಸೆಂಡ್ ಮಿ ದ ಇನ್ಫರ್ಮೇಶನ್ಸ್ ಅಂಡ್ ಗಿವ್ ಮಿ ಆನ್ ಅಡ್ವೈಸ್.’

ಕೇಳಬೇಕಾದ್ದನ್ನೆಲ್ಲ ಕೇಳಿದ್ದಾಳೆ. ಆದರೆ ಫರ್ನಿಚರ್, ಲಗೇಜ್, ಇನ್ಫರ್ಮೇಶನ್, ಅಡ್ವೈಸ್ ಈ ನಾಲ್ಕನ್ನೂ ಇಂಗ್ಲಿಷು ಎಣಿಸೋದಿಲ್ಲ.

‘ಎಣಿಸೋಕೆ ಬರೋದಿಲ್ಲ ಅಂದ್ರೆ ಏನ್ರೀ ಟೀಚರೇ? ನಾಲ್ಕು ಕುರ್ಚಿ, ಒಂದು ಮೇಜು, ಒಂದು ಮಂಚ. ಎಣಿಸಿದ್ನಲ್ಲ!’ ಅಂದರು ಅಕ್ಕ.

ಅಕ್ಕನ ಪ್ರಶ್ನೆ ಸರಿಯಾದದ್ದೇ. ಪಾಠ ಹೇಳುವವರು ‘ಎಣಿಸಲು ಬಾರದ ನಾಮಪದ’ ಅಂತ ಹೇಳಿ ಮುಂದೆ ಹೋಗಿಬಿಡುತ್ತಾರೆ. ಮಗು ಕೋಣೆಯಲ್ಲಿ ಕುರ್ಚಿ ನೋಡುತ್ತದೆ, ಎಣಿಸುತ್ತದೆ, ನಿಯಮವೇ ಸುಳ್ಳು ಅನಿಸುತ್ತದೆ. ಎಣಿಕೆ ವಸ್ತುವಿಗೆ ಸೇರಿದ್ದಲ್ಲ, ಆ ಪದಕ್ಕೆ ಸೇರಿದ್ದು ಅಂತ ಮೊದಲೇ ಹೇಳಿದರೆ ಈ ಗೊಂದಲ ಇರೋದಿಲ್ಲ.

ಅಕ್ಕನಿಗೆ ನಮ್ಮೂರಿನ ಮಂಡಕ್ಕಿ–ಮೆಣಸಿನಕಾಯಿಯನ್ನೇ ನೆನಪಿಸಿದೆ. ಒಂದೇ ತಟ್ಟೆಯಲ್ಲಿ ಎರಡೂ ಬರುತ್ತವೆ. ‘ಇನ್ನೆರಡು ಮೆಣಸಿನಕಾಯಿ ಕೊಡಪ್ಪ’ ಅಂತೀವಿ. ‘ಇನ್ನೆರಡು ಮಂಡಕ್ಕಿ’ ಅಂತ ಯಾರೂ ಅನ್ನೋದಿಲ್ಲ. ‘ಇನ್ನೊಂದು ಪ್ಲೇಟು’ ಅಂತೀವಿ, ಮನೆಗೆ ಒಯ್ಯೋದಾದರೆ ಸೇರಿನ ಲೆಕ್ಕದಲ್ಲಿ ಕೇಳ್ತೀವಿ. ಮಂಡಕ್ಕಿಗೂ ಕಾಳು ಇದೆ, ಕೂತು ಎಣಿಸಬಹುದು. ಆದರೂ ಕನ್ನಡ ಅದನ್ನು ರಾಶಿಯಾಗಿ ನೋಡುತ್ತದೆ. ಇಂಗ್ಲಿಷು ಫರ್ನಿಚರ್ ಅನ್ನೋದನ್ನು ನೋಡೋದೂ ಹಾಗೇ. ಮಂಚ, ಮೇಜು, ಬೀರು ಎಲ್ಲ ಸೇರಿದ ಒಂದು ರಾಶಿ. ಅದರೊಳಗಿನ ಒಂದನ್ನು ಹೇಳಬೇಕಾದರೆ ‘ಎ ಪೀಸ್ ಆಫ್ ಫರ್ನಿಚರ್’ ಅನ್ನಬೇಕು, ಇಲ್ಲವೇ ನೇರವಾಗಿ ‘ಎ ಚೇರ್’.

‘ಮಂಡಕ್ಕಿ ಸರಿ. ಸಲಹೆಯನ್ನ ಯಾಕೆ ರಾಶಿ ಮಾಡ್ಬೇಕು? ನಾವು ಎರಡು ಸಲಹೆ, ಮೂರು ಸಲಹೆ ಅಂತೀವಲ್ಲ’ ಅಂದಳು ಹುಡುಗಿ.

ಮಾಡಲೇಬೇಕು ಅಂತ ಕಾರಣವೇನೂ ಇಲ್ಲ. ಕನ್ನಡದಲ್ಲಿ ಸಲಹೆಗಳು, ಮಾಹಿತಿಗಳು, ಪೀಠೋಪಕರಣಗಳು ಎಲ್ಲ ಸಲೀಸು. ಫ್ರೆಂಚರೂ ಈ ಮೂರನ್ನೂ ಬಹುವಚನದಲ್ಲಿ ಹೇಳುತ್ತಾರೆ. ಹಳೆಯ ಇಂಗ್ಲಿಷಿನಲ್ಲೇ ‘ಇನ್ಫರ್ಮೇಶನ್ಸ್’ ಓಡಾಡುತ್ತಿತ್ತು, ಆಮೇಲೆ ಬಳಕೆ ತಪ್ಪಿತು. ಇವತ್ತಿಗೂ ‘ಅಡ್ವೈಸ್’ ಎಣಿಸಬಾರದ ಪದ, ‘ಸಜೆಶನ್’ ಎಣಿಸುವ ಪದ. ಕನ್ನಡದಲ್ಲಿ ಎರಡಕ್ಕೂ ಸಲಹೆ ಅಂತಲೇ ಅನ್ನುತ್ತೇವೆ. ಹಾಗಾಗಿ ಅರ್ಥವನ್ನು ಹಿಡಿದುಕೊಂಡು ಹೊರಟರೆ ಯಾವುದು ಎಣಿಸುವ ಪದ ಅಂತ ಗೊತ್ತಾಗೋದಿಲ್ಲ. ನೈಜೀರಿಯಾ, ಸಿಂಗಪುರದಲ್ಲಿ ಇಂಗ್ಲಿಷಾಡುವವರೂ ‘ಫರ್ನಿಚರ್ಸ್’, ‘ಇನ್ಫರ್ಮೇಶನ್ಸ್’ ಅನ್ನುತ್ತಾರೆ. ದಾವಣಗೆರೆ ಹುಡುಗಿಯೊಬ್ಬಳ ದಡ್ಡತನ ಇದು ಅಂತ ಯಾರಾದರೂ ಅಂದರೆ ನಾನು ಒಪ್ಪೋದಿಲ್ಲ.

ಅಕ್ಕ ಇನ್ನೊಂದು ಸೂಕ್ಷ್ಮ ಹಿಡಿದರು. ‘ಮನೆಮಾತಲ್ಲಿ ನಾವು ಗಳು ಎಲ್ಲಿ ಹಚ್ತೀವಿ? ಎರಡು ಕುರ್ಚಿ ತಾ ಅಂತೀವಿ, ಎರಡು ಕುರ್ಚಿಗಳನ್ನು ತಾ ಅನ್ನಲ್ಲ. ಮತ್ತೆ ಇವಳು ಇಂಗ್ಲಿಷಿಗೆ ಯಾಕೆ ಎಲ್ಲಾ ಕಡೆ ಎಸ್ ಹಚ್ತಾಳೆ?’

ಅದಕ್ಕೆ ಕಾರಣ ಶಾಲೆ. ‘ಟೂ ಚೇರ್’ ಅಂದ ಮಗುವಿಗೆ ‘ಚೇರ್ಸ್’ ಅಂತ ತಿದ್ದಿ ತಿದ್ದಿ, ಒಂದಕ್ಕಿಂತ ಹೆಚ್ಚಿದ್ದರೆ ಎಸ್ ಅನ್ನೋದು ನಾಲಿಗೆಗೆ ಕೂತುಬಿಡುತ್ತದೆ. ಅಷ್ಟು ಚೆನ್ನಾಗಿ ಕಲಿತ ಮಗುವೇ ಫರ್ನಿಚರ್‌ಗೂ ಎಸ್ ಹಚ್ಚುತ್ತದೆ. ಮನಸ್ಸಿನಲ್ಲಿ ‘ಮಾಹಿತಿಗಳು’ ಅಂತ ಬರವಣಿಗೆಯ ಕನ್ನಡ ಓಡುತ್ತಿದ್ದರಂತೂ ಇನ್ನೂ ಸುಲಭ.

ಹುಡುಗಿ ಪೆನ್ನು ತೆಗೆದು ಮೂರು ಎಸ್‌ಗಳನ್ನು ಹೊಡೆದು ಹಾಕಿದಳು. ಆಗ ಉಳಿದದ್ದು: ‘ಆರ್ ದೇರ್ ಎನಿ ಫರ್ನಿಚರ್’, ‘ಹೌ ಮೆನಿ ಲಗೇಜ್’. ತಪ್ಪು ಹೋಗಲಿಲ್ಲ. ಎಸ್ ಹೋದರೂ ಅದರ ಜೊತೆಗಾರರು ವಾಕ್ಯದಲ್ಲೇ ಇದ್ದಾರೆ. ‘ಆರ್’ ಹೋಗಿ ‘ಈಸ್’ ಆಗಬೇಕು, ‘ಮೆನಿ’ ಹೋಗಿ ‘ಮಚ್’ ಆಗಬೇಕು, ಮುಂದೆಲ್ಲಾದರೂ ‘ದೆಮ್’ ಬಂದರೆ ಅದು ‘ಇಟ್’ ಆಗಬೇಕು. ಎಲ್ಲಕ್ಕಿಂತ ಕಣ್ತಪ್ಪಿಸಿಕೊಳ್ಳುವುದು ‘ಆನ್ ಅಡ್ವೈಸ್’. ಅಲ್ಲಿ ಎಸ್ಸೇ ಇಲ್ಲ, ನೋಡೋಕೆ ಸರಿಯಾಗೇ ಕಾಣುತ್ತದೆ. ಆದರೆ ‘ಆನ್’ ಅಂದರೂ ಒಂದು ಅಂತ ಎಣಿಸಿದ ಹಾಗೇ. ‘ಸಮ್ ಅಡ್ವೈಸ್’ ಅನ್ನಬೇಕು.

ಇಷ್ಟೆಲ್ಲ ತಿದ್ದೋದಕ್ಕಿಂತ ಎಣಿಸುವ ಪದವನ್ನೇ ಕರೆತರೋದು ಎಷ್ಟೋ ಕಡೆ ವಾಸಿ. ಲಗೇಜ್ ಬದಲು ಬ್ಯಾಗ್, ಇನ್ಫರ್ಮೇಶನ್ ಬದಲು ಡೀಟೇಲ್ಸ್, ಅಡ್ವೈಸ್ ಬದಲು ಸಜೆಶನ್. ಹಾಗೆ ಕೂತು ಪತ್ರ ಮತ್ತೆ ಬರೆದೆವು: ‘ಈಸ್ ದೇರ್ ಎನಿ ಫರ್ನಿಚರ್ ಇನ್ ದ ರೂಮ್? ಹೌ ಮೆನಿ ಬ್ಯಾಗ್ಸ್ ಕ್ಯಾನ್ ಐ ಬ್ರಿಂಗ್? ಪ್ಲೀಸ್ ಸೆಂಡ್ ಮಿ ದ ಡೀಟೇಲ್ಸ್ ಅಂಡ್ ಗಿವ್ ಮಿ ಸಮ್ ಅಡ್ವೈಸ್.’ ‘ಎನಿ’, ‘ಸಮ್’ ಎರಡೂ ಎರಡು ಬಗೆಯ ಪದಗಳಿಗೂ ಹೊಂದುತ್ತವೆ, ಅವನ್ನು ಮುಟ್ಟಬೇಕಾಗಿಲ್ಲ.

ಅನುಮಾನ ಬಂದರೆ ಕಲಿಯುವವರಿಗಾಗಿಯೇ ಮಾಡಿದ ನಿಘಂಟು ನೋಡು ಅಂದೆ. ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಎ. ಎಸ್. ಹಾರ್ನ್‌ಬಿ ಇಬ್ಬರು ಜೊತೆಗಾರರ ಸಂಗಡ ಅಂಥದ್ದೊಂದನ್ನು ಮಾಡಿದರು. ಅದು 1942ರಲ್ಲಿ ಟೋಕಿಯೋದಲ್ಲಿ ಅಚ್ಚಾಯಿತು, 1948ರಲ್ಲಿ ಆಕ್ಸ್‌ಫರ್ಡ್‌ನವರು ಮತ್ತೆ ಹೊರತಂದರು. ಈಗ ಆಕ್ಸ್‌ಫರ್ಡ್ ಅಡ್ವಾನ್ಸ್‌ಡ್ ಲರ್ನರ್ಸ್ ಡಿಕ್ಷನರಿ ಅನ್ನೋದು ಅದೇ. ಅದರಲ್ಲಿ ನಾಮಪದದ ಪಕ್ಕ ಸಿ ಅಂತಿದ್ದರೆ ಎಣಿಸಬಹುದು, ಯು ಅಂತಿದ್ದರೆ ಎಣಿಸಬಾರದು. ಕೆಲವು ಪದಕ್ಕೆ ಎರಡೂ ಇರುತ್ತವೆ, ಅಲ್ಲಿ ಅರ್ಥ ಬೇರೆಯಾಗುತ್ತದೆ. ತಲೆಯ ಮೇಲಿನ ಕೂದಲೆಲ್ಲ ಸೇರಿ ‘ಹೇರ್’, ಸಾರಿನಲ್ಲಿ ಸಿಕ್ಕ ಒಂದೇ ಎಳೆ ‘ಎ ಹೇರ್’. ‘ಮೈ ಹೇರ್ಸ್ ಆರ್ ಫಾಲಿಂಗ್’ ಅಂತ ಡಾಕ್ಟರ ಮುಂದೆ ಹೇಳುವವರು ಅಲ್ಲೇ ಎಡವೋದು.

ಅಷ್ಟರಲ್ಲಿ ಅಕ್ಕನ ಯಜಮಾನರು ಒಳಗಿನಿಂದಲೇ ಕೂಗಿದರು: ‘ನಾವು ಬ್ಯಾಂಕಲ್ಲಿ ಅಡ್ವೈಸಸ್ ಅಂತಾನೇ ಬರೀತಿದ್ವಲ್ರೀ ಟೀಚರೇ, ಅದೂ ತಪ್ಪಾ?’ ತಪ್ಪಲ್ಲ. ಕ್ರೆಡಿಟ್ ಅಡ್ವೈಸ್, ಡೆಬಿಟ್ ಅಡ್ವೈಸ್ ಅಂದರೆ ಹಣ ಬಂತು, ಹೋಯಿತು ಅಂತ ತಿಳಿಸುವ ಚೀಟಿ. ಚೀಟಿ ಅಂದಮೇಲೆ ಎಣಿಸಬಹುದು. ವ್ಯಾಪಾರದ ಇಂಗ್ಲಿಷಿನಲ್ಲಿ ಆ ಬಹುವಚನ ಹಳೆಯದು, ಅವರು ಬರೆದದ್ದು ಸರಿಯೇ.

‘ಹಂಗಾದ್ರೆ ಅಂಗಡಿ ಬೋರ್ಡಲ್ಲಿ ಫರ್ನಿಚರ್ಸ್ ಅಂತ ಕನ್ನಡದಲ್ಲಿ ಬರ್ದಿರ್ತಾರಲ್ಲ, ಅದು?’ ಅಂದರು ಅಕ್ಕ, ಕೊನೆಗೆ ಬಕೆಟ್ಟು ಎತ್ತಿಕೊಳ್ಳುತ್ತಾ. ಅದನ್ನು ನಾನಂತೂ ತಿದ್ದೋದಿಲ್ಲ. ಕನ್ನಡ ಲಿಪಿಯಲ್ಲಿ ಕೂತು ಕನ್ನಡದ ಮಾತಾಗಿ ಹೋದ ಪದಕ್ಕೆ ಹಾರ್ನ್‌ಬಿಯ ಯು ಅಕ್ಷರದ ಹಂಗಿಲ್ಲ. ಪುಣೆಗೆ ಹೋಗುವ ಪತ್ರದಲ್ಲಿ ಮಾತ್ರ ಆ ಎಸ್ ಇರಬಾರದು, ಅದರ ಜೊತೆಯ ‘ಆರ್’ ಕೂಡ.