ಸೀನುವಿನ ಪಂಚಾಂಗ

ಮದುವೆಯ ಮನೆಯಲ್ಲಿ ಪಂಕ್ತಿಗೆ ಕುಳಿತೊಡನೆ ಎಲೆಗಳನ್ನೆಣಿಸಿ, ಬಡಿಸುವವನ ನಡಿಗೆಯನ್ನು ಓರೆಗಣ್ಣಿನಿಂದ ಅಳೆದು, ಹೋಳಿಗೆಯು ತಮ್ಮ ಎಲೆಗೆ ಇನ್ನೆಷ್ಟು ನಿಮಿಷದಲ್ಲಿ ಬಂದೀತೆಂಬುದನ್ನು ಅಕ್ಕಪಕ್ಕದವರಿಗೆ ತಿಳಿಸುವ ಮಹನೀಯರನ್ನು ನೀವು ಕಂಡಿರಬಹುದು. ಅವರು ನಡುವಯಸ್ಸಿನಲ್ಲಿ ಹಾಗಾದವರಲ್ಲ, ಹುಟ್ಟಿದ್ದೇ ಹಾಗೆ. ಆ ಕುಲದ ಒಂದು ಎಳೆಯ ಸಸಿಯನ್ನು ನಾನು 1957ರ ಬೇಸಗೆಯಲ್ಲಿ, ತೆಂಗಿನ ಸೀಮೆಯ ಒಂದು ರೈಲ್ವೆ ಜಂಕ್ಷನ್ನಿನಲ್ಲಿ ದರ್ಶನ ಮಾಡಿದೆ. ಊರಿನ ಹೆಸರನ್ನು ಹೇಳಲಾರೆ. ಅಲ್ಲಿನ ಸ್ಟೇಷನ್ ಮಾಸ್ತರರ ಸ್ನೇಹ ನನಗೆ ಇನ್ನೂ ಬೇಕಾಗಿದೆ.

ಹುಡುಗನಿಗೆ ಹನ್ನೆರಡು ವರ್ಷವಿದ್ದೀತು. ಹೆಸರು ಸೀನು. ಕಿವಿಯ ಮೇಲೆ ಮೋಟು ಪೆನ್ಸಿಲು, ಕೈಯಲ್ಲಿ ಹಳೆಯ ವೇಳಾಪಟ್ಟಿ, ಮಾವನಿಂದ ಎರವಲು ಪಡೆದು ಮೊಣಕೈವರೆಗೆ ಏರಿಸಿಕೊಂಡ ಗಡಿಯಾರ. ಜೊತೆಗೆ ಅವನ ಅಜ್ಜಿ, ಅಜ್ಜಿಯ ಮಗ್ಗುಲಲ್ಲಿ ಬಿಳಿಯ ಪಂಚೆಯ ತುಂಡಿನಲ್ಲಿ ಕಟ್ಟಿದ ಮೊಸರನ್ನದ ಬುತ್ತಿ. ನಾನು ಹೋಗಿ ಕುಳಿತ ವೇಳೆಗೆ ಅವನು ಕಡಲೆಕಾಯಿ ಮಾರುವವನೊಡನೆ, ಎರಡಾಣೆಗೆ ಹನ್ನೆರಡೂವರೆ ನಯಾ ಪೈಸೆಯಾಗಬೇಕಾಗಿರುವಾಗ ಹದಿಮೂರನ್ನು ತೆಗೆದುಕೊಂಡದ್ದು ಯಾವ ನ್ಯಾಯವೆಂದು ವಾದಿಸುತ್ತಿದ್ದನು. ಅರ್ಧ ಪೈಸೆಯ ಬಾಬ್ತು ಐದಾರು ಕಡಲೆಕಾಯಿಗಳಲ್ಲಿ ಇತ್ಯರ್ಥವಾಯಿತು.

ನಮ್ಮ ಗಾಡಿ ಬರಬೇಕಾದದ್ದು 4-20ಕ್ಕೆ. ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ‘ಒಂದು ಗಂಟೆ ತಡ’ ಎಂದು ಬರೆದಿತ್ತು. ನಮ್ಮಂಥ ಪಾಮರರು ಅದನ್ನು ಓದಿ, 4-20ಕ್ಕೆ ಒಂದು ಗಂಟೆ ಕೂಡಿಸಿ, ಚಾದರ ಹಾಸಿಕೊಂಡು ಒರಗುವೆವು. ಸೀನುವಿಗೆ ಅಷ್ಟು ಸಾಲದು. ‘ಒಂದು ಗಂಟೆ ತಡ ಎಂದರೆ ಎಲ್ಲಿ ತಡ?’ ಎಂದು ಅವನು ಪಾಯಿಂಟ್ಸ್‌ಮನ್ನನನ್ನು ಹಿಡಿದು ಕೇಳಿದನು. ಪ್ರಶ್ನೆ ಸರಿಯಾದದ್ದೇ. ಹಲಗೆಯ ಮೇಲಿನ ತಡವು ಗಾಡಿ ಇಲ್ಲಿಗೆ ಬರುವಾಗಿನ ತಡವಲ್ಲ, ಹಿಂದಿನ ದೊಡ್ಡ ಸ್ಟೇಷನ್ನನ್ನು ಬಿಟ್ಟಾಗಿನ ತಡ. ಆ ಮಧ್ಯದಲ್ಲಿ ಅದು ಕರಗಲೂ ಬಹುದು, ಬೆಳೆಯಲೂ ಬಹುದು. ಇಪ್ಪತ್ತನಾಲ್ಕು ಮೈಲಿಯಾಚೆಯ ಆ ಸ್ಟೇಷನ್ನನ್ನು 3 ಗಂಟೆಗೆ ಬಿಡಬೇಕಾದ ಗಾಡಿ ಸರಿಯಾಗಿ 4ಕ್ಕೆ ಬಿಟ್ಟಿತೆಂದು ತಿಳಿದುಬಂತು.

‘ಇಪ್ಪತ್ತನಾಲ್ಕು ಮೈಲಿಗೆ ಎಂಬತ್ತು ನಿಮಿಷ, ಅಂದರೆ ಗಂಟೆಗೆ ಹದಿನೆಂಟು ಮೈಲಿ. ಅಜ್ಜೀ, 5-20. ಬುತ್ತಿ ಬಿಚ್ಚಬಹುದು.’

ಅಜ್ಜಿ ಗಂಟು ಬಿಚ್ಚಿದರು. ಬಾಳೆಲೆ ಇನ್ನೂ ಪೂರ್ತಿ ಹರಡಿರಲಿಲ್ಲ, ಹುಡುಗನ ಹುಬ್ಬು ಮೇಲೇರಿತು. ತಡವಾದ ಡ್ರೈವರನು ಹದಿನೆಂಟರಲ್ಲೇಕೆ ಬರುತ್ತಾನೆ? ಓಡಿಸುತ್ತಾನೆ. ಇಪ್ಪತ್ತನಾಲ್ಕರಲ್ಲಿ ಓಡಿಸಿದನೆಂದರೆ ಇಪ್ಪತ್ತನಾಲ್ಕು ಮೈಲಿಗೆ ಒಂದೇ ಗಂಟೆ! ‘5ಕ್ಕೇ ಬರುತ್ತೆ ಅಜ್ಜೀ, ಕಟ್ಟು, ಕಟ್ಟು!’ ಅಜ್ಜಿ ಕಟ್ಟಿದರು. ಪಕ್ಕದ ಬೆಂಚಿನ ಜವಳಿ ವ್ಯಾಪಾರಿಯೊಬ್ಬರು ಈ ಘೋಷಣೆಯನ್ನು ನಂಬಿ, ಆಗತಾನೆ ಹೇಳಿದ್ದ ಕಾಫಿಯನ್ನು ಬೇಡವೆಂದುಬಿಟ್ಟರು.

ಐದು ನಿಮಿಷದ ಮೇಲೆ ಸೀನು ತನ್ನ ತಪ್ಪನ್ನು ತಾನೇ ಕಂಡುಹಿಡಿದನು. ಈ ಪ್ರಾಮಾಣಿಕತೆಯನ್ನು ಅವನಲ್ಲಿ ಮೆಚ್ಚಬೇಕು. ನಡುವೆ ಎರಡು ಸಣ್ಣ ಸ್ಟೇಷನ್ನುಗಳುಂಟು, ಒಂದೊಂದರಲ್ಲಿಯೂ ಐದು ನಿಮಿಷದ ನಿಲುಗಡೆ. ಡ್ರೈವರನು ಎಷ್ಟೇ ಶೂರನಾದರೂ ಓಡುವಾಗ ವೇಗವನ್ನು ಹೆಚ್ಚಿಸಬಲ್ಲನೇ ಹೊರತು ನಿಂತಾಗ ಹೆಚ್ಚಿಸಲಾರನು. ಹಾಲಿನ ಕ್ಯಾನುಗಳನ್ನು ಇಳಿಸುವುದಕ್ಕೂ ಮುದುಕರು ಹತ್ತುವುದಕ್ಕೂ ಹಿಡಿಯುವಷ್ಟು ಹೊತ್ತು ಹಿಡಿದೇ ತೀರುವುದು. ಓಟಕ್ಕೆ ಅರುವತ್ತು, ನಿಲುಗಡೆಗೆ ಹತ್ತು, ಆದುದರಿಂದ 5-10. ಜವಳಿಯವರು ಕಾಫಿಯವನನ್ನು ಪುನಃ ಕರೆದರು. ಅವನು ಅಷ್ಟರಲ್ಲಿ ಪ್ಲಾಟ್‌ಫಾರಮ್ಮಿನ ಇನ್ನೊಂದು ತುದಿಯನ್ನು ಸೇರಿದ್ದನು.

ಈ ಗಣಿತದಲ್ಲಿ ಲೋಪವೆಲ್ಲಿತ್ತೆಂಬುದು ನಮ್ಮೆಲ್ಲರ ಕಣ್ಣೆದುರಿಗೇ ಹಾದುಹೋಯಿತು. ಗಡಿಯಾರ 4-40 ತೋರಿಸುತ್ತಿದ್ದಾಗ, ಮಧ್ಯಾಹ್ನದಿಂದ ಪಕ್ಕದ ಹಳಿಯಲ್ಲಿ ನಿದ್ರಿಸುತ್ತಿದ್ದ ಗೂಡ್ಸ್ ಗಾಡಿಯೊಂದು ಉಸ್ಸೆಂದು ಹಬೆಬಿಟ್ಟು ಎದ್ದಿತು. ಬೆತ್ತದ ಬಳೆಗೆ ಕಟ್ಟಿದ ಚರ್ಮದ ಚೀಲವೊಂದನ್ನು ಪಾಯಿಂಟ್ಸ್‌ಮನ್ ಎತ್ತಿಹಿಡಿದನು. ಡ್ರೈವರನು ಇಂಜಿನ್ನಿನಿಂದ ಬಾಗಿ, ತೋಳನ್ನು ಬಳೆಯೊಳಗೆ ತೂರಿಸಿ, ಅದನ್ನು ಹಾರಿಸಿಕೊಂಡು ಹೊರಟನು. ಸೀನು ಪರಮಾನಂದದಿಂದ ಡಬ್ಬಿಗಳನ್ನೆಣಿಸಿದನು: ಗಾರ್ಡಿನದನ್ನು ಬಿಟ್ಟು ಮೂವತ್ತೊಂದು. ಬರೆದೂ ಇಟ್ಟುಕೊಂಡನು. ಆದರೆ ಆ ಮೂವತ್ತೊಂದು ಡಬ್ಬಿಗಳು ಯಾವ ದಿಕ್ಕಿಗೆ ಹೋದುವೆಂಬುದನ್ನು ಬರೆದುಕೊಳ್ಳಲಿಲ್ಲ.

5-10 ಬಂತು, ಹೋಯಿತು. ಹಳಿಗಳು ಬಿಸಿಲಿನಲ್ಲಿ ಖಾಲಿ ಹೊಳೆಯುತ್ತಿದ್ದುವು. ಸೀನು ಹಳಿಗೆ ಕಿವಿಗೊಡಲು ಪ್ಲಾಟ್‌ಫಾರಮ್ಮಿನಿಂದ ಇಳಿಯಹೋಗಿ ಅಜ್ಜಿಯಿಂದ ಚಡ್ಡಿಯ ಪಟ್ಟಿ ಹಿಡಿಸಿಕೊಂಡನು. ಅಷ್ಟರಲ್ಲಿ ಪಾಯಿಂಟ್ಸ್‌ಮನ್ ಬಂದು, ಎಲೆಯಡಿಕೆ ತುಂಬಿದ ಬಾಯಿಂದ, ‘ನಿಮ್ಮ ಗಾಡಿ ಮುಂದಿನ ಟೇಸನ್ನಾಗೆ ಆಗ್ಲೇ ನಿಂತದೆ ಮರಿ, ಕ್ರಾಸಿಂಗು’ ಎಂದನು.

‘ಅಲ್ಲಿಂದ ಇಲ್ಲಿಗೆ ಒಂಬತ್ತೇ ಮೈಲಿ! ಯಾಕೆ ನಿಂತಿದೆ?’

‘ಒಂಟಿ ದಾರಿಯಲ್ವಾ? ಗುಂಡು ಗೂಡ್ಸಿನೋನ ಕೈಲಿದೆ.’

ಅವನ ಮಾತಿನಲ್ಲಿ ಒಂದು ಶಾಸ್ತ್ರವೇ ಅಡಗಿತ್ತು. ಎರಡು ಸ್ಟೇಷನ್ನುಗಳ ನಡುವೆ ಹಳಿ ಒಂದೇ ಆದಾಗ, ಆ ತುಂಡಿನೊಳಗೆ ಒಂದು ಸಲಕ್ಕೆ ಒಂದೇ ಗಾಡಿ ಇರತಕ್ಕದ್ದು. ಎರಡು ಕಡೆಯ ಮಾಸ್ತರರೂ ಗಂಟೆಯ ಸಂಜ್ಞೆಯಿಂದ ಒಪ್ಪಿಕೊಂಡ ಮೇಲೆ ಮಾತ್ರ ಯಂತ್ರವು ಒಂದು ಉಕ್ಕಿನ ಗುಂಡನ್ನು ಹೊರಕ್ಕೆ ಬಿಡುತ್ತಿತ್ತು. ಆ ಗುಂಡು ಯಾವ ಡ್ರೈವರನ ಚೀಲದಲ್ಲಿರುತ್ತಿತ್ತೋ ದಾರಿ ಅವನದು. ಅದು ಆಚೆಯ ಸ್ಟೇಷನ್ನಿನ ಯಂತ್ರದೊಳಕ್ಕೆ ಬೀಳುವ ತನಕ ಇನ್ನೊಂದು ಗುಂಡು ಹೊರಬೀಳುತ್ತಿರಲಿಲ್ಲ. ವೇಳೆಗೆ ಬಂದ ಗಾಡಿಗಾದರೆ ಎದುರುಗಾಡಿಗಳೆಲ್ಲ ಮೊದಲೇ ಗೊತ್ತಾದ ಸ್ಥಳದಲ್ಲಿ ಬದಿಗೆ ಸರಿದು ನಿಂತಿರುತ್ತವೆ. ತಡವಾದ ಗಾಡಿಯಾದರೋ, ಪಂಕ್ತಿ ಮುಗಿದ ಮೇಲೆ ಬಂದ ನೆಂಟನಂತೆ, ಎಲೆ ತೆರವಾಗುವವರೆಗೆ ಕಂಬಕ್ಕೊರಗಿ ನಿಂತಿರಬೇಕು. ಆದುದರಿಂದಲೇ ತಡವು ನಿಮಿಷ ನಿಮಿಷವಾಗಿ ಬೆಳೆಯದೆ, ಅರ್ಧ ಅರ್ಧ ಗಂಟೆಯಾಗಿ ನೆಗೆಯುತ್ತದೆ.

ಸೀನು ತನ್ನ ಚೀಟಿಯಲ್ಲಿದ್ದ ಮೂವತ್ತೊಂದನ್ನು ಬಹಳ ಹೊತ್ತು ನೋಡಿದನು. ಮಗುವಿನ ಮುಖ ಕಂಡು ನನಗೆ ಅಯ್ಯೋ ಎನಿಸಿತು. ಆದರೆ ಈ ಕುಲದವರಿಗೆ ದುಃಖ ಬಹುಕಾಲ ನಿಲ್ಲುವುದಿಲ್ಲ, ಅದನ್ನೂ ಲೆಕ್ಕಕ್ಕೆ ತೆಗೆದುಕೊಂಡುಬಿಡುತ್ತಾರೆ. ಗೂಡ್ಸು ಹೊರಟದ್ದು 4-40, ಗಂಟೆಗೆ ಹದಿನೈದು ಮೈಲಿಯಂತೆ ಒಂಬತ್ತು ಮೈಲಿಗೆ ಮೂವತ್ತಾರು ನಿಮಿಷ, ಅಲ್ಲಿಗೆ 5-16. ಗುಂಡು ಕೊಟ್ಟು ಇನ್ನೊಂದು ತೆಗೆಯುವುದಕ್ಕೆ ಆರು ನಿಮಿಷ, 5-22. ನಮ್ಮ ಗಾಡಿ ಒಂಬತ್ತು ಮೈಲಿ ಓಡುವುದಕ್ಕೆ ಇಪ್ಪತ್ತಮೂರು. ‘5-45!’ ಎಂದು ಅವನು ಎದ್ದುನಿಂತು ಸಾರಿದಾಗ, ನಂಬಿದವರು ಯಾರೂ ಇರಲಿಲ್ಲ. ಜವಳಿಯವರು ಎರಡನೆಯ ಕಾಫಿಗೆ ಹೇಳಿದರು.

ಸರಿಯಾಗಿ 5-45ಕ್ಕೆ ದೂರದಲ್ಲಿ ಹೊಗೆ ಕಂಡಿತು, ಸಿಳ್ಳು ಕೇಳಿಸಿತು. ಸೀನು ನಮ್ಮೆಲ್ಲರನ್ನೂ ಒಬ್ಬೊಬ್ಬರನ್ನಾಗಿ ನೋಡಿದನು. ಹಾಸಿಗೆಗಳು ಸುತ್ತಿಕೊಂಡುವು, ಕೂಲಿಗಳು ಪೆಟ್ಟಿಗೆಗಳನ್ನು ತಲೆಗೇರಿಸಿದರು, ಜವಳಿಯವರು ಸುಡುಕಾಫಿಯಲ್ಲಿ ನಾಲಗೆಯನ್ನು ಅದ್ದಿಕೊಂಡರು. ಹೊಗೆ ಮಾತ್ರ ಇದ್ದಲ್ಲಿಯೇ ನಿಂತಿತು. ಹೊರಗಿನ ಕೈಮರ ಬಿದ್ದಿರಲಿಲ್ಲ. ನಮ್ಮ ಪ್ಲಾಟ್‌ಫಾರಮ್ಮಿನಲ್ಲಿ ಕವಲುದಾರಿಯ ಗಾಡಿಯೊಂದು ಬಂದು ನಿಂತಿತ್ತು, ಅದು ಕದಲದೆ ನಮ್ಮದಕ್ಕೆ ಸ್ಥಳವಿರಲಿಲ್ಲ.

‘ಏನಪ್ಪಾ ಪಂಚಾಂಗದ ಜೋಯಿಸರೇ?’ ಎಂದರು ಜವಳಿಯವರು, ನಾಲಗೆ ಹೊರಳದೆ.

‘ಗಾಡಿ ಬಂದಿದೆ, ಸಾರ್. ಸ್ಟೇಷನ್ನು ಬಂದಿಲ್ಲ.’

ಅಜ್ಜಿ ಇಷ್ಟು ಹೊತ್ತೂ ಯಾರ ಮಾತಿಗೂ ಎದುರಾಡಿದವರಲ್ಲ. ಈಗ ಮೊಮ್ಮಗನನ್ನು ಕೇಳದೆಯೇ ಬುತ್ತಿಯ ಗಂಟನ್ನು ಬಿಚ್ಚಿ, ಎಲೆಯನ್ನು ತೊಡೆಯ ಮೇಲೆ ಹರಡಿ, ಮೊಸರನ್ನದ ಮೇಲೆ ಮಾವಿನ ಮಿಡಿಯನ್ನಿಟ್ಟರು. ಮೊದಲ ತುತ್ತು ಇನ್ನೂ ಬಾಯಿಗೆ ಹೋಗಿರಲಿಲ್ಲ. ಕವಲುದಾರಿಯ ಗಾಡಿ ಅತ್ತ ಜಗ್ಗಿತು, ಸ್ವಲ್ಪದರಲ್ಲೇ ಇತ್ತ ತಂತಿ ಕಿರುಗುಟ್ಟಿ ಕೈಮರ ಧೊಪ್ಪನೆ ಬಿತ್ತು.

ನಾವೆಲ್ಲರೂ ಹೇಗೋ ಒಂದೇ ಡಬ್ಬಿಯಲ್ಲಿ ನುಗ್ಗಿ ಕುಳಿತೆವು. ಅಜ್ಜಿಯ ಎಲೆಯನ್ನು ಕಿಟಕಿಯ ಮೂಲಕ ನಾನೇ ಒಳಗೆ ತೆಗೆದುಕೊಟ್ಟೆ. ಸೀನು ಮೂಲೆಯಲ್ಲಿ ಕುಳಿತು ಚೀಟಿಯ ಬೆನ್ನಿನ ಮೇಲೆ ಏನನ್ನೋ ಗೀಚುತ್ತಿದ್ದನು. ಬಾಗಿ ನೋಡಿದೆ: ‘ಬುತ್ತಿ ಬಿಚ್ಚಿದ್ದು 5-54. ಕೈಮರ ಬಿದ್ದದ್ದು 5-56.’ ಅದರ ಕೆಳಗೆ ಒಂದು ಗೆರೆ ಎಳೆದು, ವ್ಯತ್ಯಾಸವನ್ನು ಬರೆದಿದ್ದನು.