ಬೋರ್ಡ್ ಬದಲಿಸುವ ಸಂಕಟ

ನಮ್ಮ ಮನೆಯ ಎಡಗಡೆ ಕಾಂಪೌಂಡಿನಾಚೆ ರಿಟೈರ್ಡ್ ಮೇಷ್ಟ್ರು, ಬಲಗಡೆ ಹೋಟೆಲ್ ಭಟ್ಟರು. ಮೇಷ್ಟ್ರು ಬ್ಯಾಂಕಿಗೆ ದುಡ್ಡು ಕೊಟ್ಟವರು, ನಾನು ಬ್ಯಾಂಕಿನಿಂದ ದುಡ್ಡು ತಂದವನು, ಭಟ್ಟರು ನಮ್ಮಿಬ್ಬರಿಗೂ ಕಾಫಿ ಮಾರುವವರು. ಬೆಲೆ ಏರಿಕೆಯ ಮಾತೆದ್ದರೆ ಮೂವರೂ ಬೈಯುತ್ತೇವೆ, ಆದರೆ ಒಬ್ಬೊಬ್ಬರ ಬೈಗುಳದ ಕಾರಣ ಒಂದೊಂದು.

‘ಬೆಲೆ ಏರಿ ಏರಿ ನನ್ನ ಎಫ್‌ಡಿ ಕರಗಿಹೋಯ್ತು ಕಣಯ್ಯ’ ಅನ್ನುವುದು ಮೇಷ್ಟ್ರ ನಿತ್ಯದ ಮಂತ್ರ. ‘ಏರಿದ್ದಕ್ಕಲ್ಲ ಸಾರ್, ಹೇಳದೆ ಕೇಳದೆ ಏರಿದ್ದಕ್ಕೆ’ ಅಂತ ನಾನು. ಇದು ಮೊಂಡುವಾದವಲ್ಲ. ಬೆಲೆ ವರ್ಷಕ್ಕೆ ಇಷ್ಟು ಏರುತ್ತದೆ ಅಂತ ಎಲ್ಲರಿಗೂ ಮೊದಲೇ ಗೊತ್ತಿದ್ದರೆ ಬಡ್ಡಿ ಗೊತ್ತುಮಾಡುವಾಗಲೇ ಅದನ್ನು ಸೇರಿಸಿಕೊಳ್ಳುತ್ತಾರೆ. ಕೊಟ್ಟವನಿಗೂ ಮೋಸವಿಲ್ಲ, ತಂದವನಿಗೂ ಲಾಟರಿಯಿಲ್ಲ. ಅಂದಾಜು ತಪ್ಪಿದಾಗಲೇ ಒಬ್ಬನ ಜೇಬಿನಿಂದ ಇನ್ನೊಬ್ಬನ ಜೇಬಿಗೆ ದುಡ್ಡು ಸದ್ದಿಲ್ಲದೆ ದಾಟುವುದು.

ಲಕ್ಷ ರೂಪಾಯಿಯ ಲೆಕ್ಕವನ್ನೇ ಹಾಕಿ ತೋರಿಸಿದೆ. 2021ರ ಏಪ್ರಿಲ್‌ನಲ್ಲಿ ಎರಡು ವರ್ಷಕ್ಕೆ ಐದೂವರೆ ಪರ್ಸೆಂಟಿನಂತೆ ಇಟ್ಟರು ಅನ್ನಿ. ಮೂರು ತಿಂಗಳಿಗೊಮ್ಮೆ ಬಡ್ಡಿ ಸೇರಿ 2023ರ ಏಪ್ರಿಲ್‌ಗೆ 1,11,540 ರೂಪಾಯಿ ಆಗುತ್ತದೆ. ಇಡುವಾಗ ಮನಸ್ಸಿನಲ್ಲಿದ್ದ ಬೆಲೆ ಏರಿಕೆ ಎಷ್ಟು? ರಿಸರ್ವ್ ಬ್ಯಾಂಕಿಗೆ ಸರ್ಕಾರ ಕೊಟ್ಟಿರುವ ಗುರಿ ನಾಲ್ಕು ಪರ್ಸೆಂಟ್. ಅದೇ ನಡೆದಿದ್ದರೆ ಲಕ್ಷ ರೂಪಾಯಿಯ ಸಾಮಾನಿಗೆ ಎರಡು ವರ್ಷದ ಮೇಲೆ 1,08,160 ಸಾಕಿತ್ತು. ಮೇಷ್ಟ್ರ ಕೈಯಲ್ಲಿ 3,380 ನಿಜವಾದ ಲಾಭ ಉಳಿಯುತ್ತಿತ್ತು. ನಡೆದದ್ದೇ ಬೇರೆ. ಉಕ್ರೇನ್ ಯುದ್ಧ, ಅಡುಗೆ ಎಣ್ಣೆ, ಪೆಟ್ರೋಲು ಎಲ್ಲ ಒಟ್ಟಿಗೆ ಬಂದು, 2022ರ ಏಪ್ರಿಲ್‌ನ ಚಿಲ್ಲರೆ ಹಣದುಬ್ಬರ 7.79 ಪರ್ಸೆಂಟ್ ಆಯಿತು. ಮರುವರ್ಷದ ಏಪ್ರಿಲ್‌ನಲ್ಲಿ 4.7. ಎರಡನ್ನೂ ಕೂಡಿಸಿದರೆ ಅದೇ ಸಾಮಾನಿಗೆ ಸುಮಾರು 1,12,850 ಬೇಕು. ಕೈಗೆ ಬಂದದ್ದಕ್ಕಿಂತ 1,310 ಜಾಸ್ತಿ.

‘ಅಂದರೆ ಸಾವಿರದ ಮುನ್ನೂರು ಹೋಯ್ತು’ ಅಂದರು ಮೇಷ್ಟ್ರು.

‘ಇಲ್ಲ ಸಾರ್, ಹತ್ತಿರ ಹತ್ತಿರ 4,700 ಹೋಯ್ತು. ಬರಬೇಕಾಗಿದ್ದ 3,380 ಬರಲಿಲ್ಲವಲ್ಲ, ಅದನ್ನೂ ಸೇರಿಸಿ.’ ಮೇಷ್ಟ್ರ ಮುಖ ಇನ್ನಷ್ಟು ಸಣ್ಣಗಾಯಿತು. ಆದಾಯ ತೆರಿಗೆಯವರ ಕಣ್ಣಿಗೆ ಆ 11,540 ಪೂರ್ತಿ ಸಂಪಾದನೆಯಾಗಿಯೇ ಕಾಣುತ್ತದೆ ಅನ್ನುವುದನ್ನು ಆವತ್ತು ಹೇಳಲಿಲ್ಲ.

‘ಹಾಗಾದರೆ ನನ್ನ ದುಡ್ಡು ತಿಂದವನು ನೀನೇ. ಸಾಲಗಾರನಿಗೆ ಲಾಭ ಅಂತ ಪುಸ್ತಕದಲ್ಲಿ ಬರೆದಿದೆ.’

ಪುಸ್ತಕದಲ್ಲಿರುವುದು ಸುಳ್ಳಲ್ಲ, ಆದರೆ ಅದು ಬಡ್ಡಿ ಕದಲದ ಸಾಲದ ಮಾತು. ನಮ್ಮ ಗೃಹಸಾಲದ ಬಡ್ಡಿ ಕೂತಲ್ಲಿ ಕೂರುವುದಿಲ್ಲ. 2019ರ ಅಕ್ಟೋಬರಿನಿಂದ ಬ್ಯಾಂಕುಗಳು ಹೊಸ ಗೃಹಸಾಲವನ್ನು ರೆಪೊ ದರದಂಥ ಹೊರಗಿನ ದರಕ್ಕೆ ಕಟ್ಟಿಹಾಕಬೇಕಾಯಿತು. 2022ರ ಮೇ ತಿಂಗಳಿಗೆ ಮುಂಚೆ ನಾಲ್ಕು ಪರ್ಸೆಂಟಿದ್ದ ರೆಪೊ 2023ರ ಫೆಬ್ರವರಿಗೆ ಆರೂವರೆ ಆಯಿತು. ಮೂವತ್ತು ಲಕ್ಷವನ್ನು 6.75ರ ಬಡ್ಡಿಗೆ ಇಪ್ಪತ್ತು ವರ್ಷಕ್ಕೆ ತಂದವನ ಕಂತು 22,811 ರೂಪಾಯಿ. ಎರಡು ವರ್ಷ ಕಟ್ಟಿದ ಮೇಲೆ ಅಸಲು 28.48 ಲಕ್ಷ ಉಳಿದಿರುತ್ತದೆ. ಆಗ ಬಡ್ಡಿ ಒಂದೇ ಏಟಿಗೆ 9.25 ಆಯಿತು ಅಂತಿಟ್ಟುಕೊಳ್ಳಿ. ಆ ತಿಂಗಳ ಬಡ್ಡಿಯೇ 21,950 ದಾಟುತ್ತದೆ. ಕಂತಿನಲ್ಲಿ ಅಸಲಿಗೆ ಹೋಗುವುದು ಒಂಬೈನೂರಕ್ಕೂ ಕಮ್ಮಿ. ಕಂತನ್ನು ಹಾಗೇ ಬಿಟ್ಟರೆ ಬಾಕಿಯಿದ್ದ ಹದಿನೆಂಟು ವರ್ಷ ಮೂವತ್ತೈದು ದಾಟುತ್ತದೆ. ಎಷ್ಟೋ ಜನಕ್ಕೆ ಹೀಗೆಯೇ ಆಯಿತು, ಕಂತು ಏರಲಿಲ್ಲವಲ್ಲ ಅಂತ ನೆಮ್ಮದಿಯಾಗಿದ್ದವರ ಸಾಲದ ಗಡುವು ಅವರಿಗೆ ತಿಳಿಯದಂತೆ ಬೆಳೆದಿತ್ತು. ಕಂತು ಏರಿಸುವುದೋ ಅವಧಿ ಬೆಳೆಸುವುದೋ ಅಂತ ಗಿರಾಕಿಯನ್ನೇ ಕೇಳಿ ಎಂದು ರಿಸರ್ವ್ ಬ್ಯಾಂಕ್ 2023ರ ಆಗಸ್ಟಿನಲ್ಲಿ ಹೇಳಬೇಕಾಯಿತು. ನಿಮ್ಮ ಸಾಲಕ್ಕೆ ಏನಾಗಿದೆ ಅಂತ ತಿಳಿಯಬೇಕಾದರೆ ಕಂತು ನೋಡಬೇಡಿ, ಸ್ಟೇಟ್‌ಮೆಂಟಿನಲ್ಲಿ ಬಾಕಿ ತಿಂಗಳುಗಳ ಸಂಖ್ಯೆ ನೋಡಿ.

‘ನೀನೂ ತಿನ್ನಲಿಲ್ಲ ಅಂದ್ರೆ ತಿಂದವರು ಯಾರು?’

ಬಡ್ಡಿಯನ್ನು ಗಟ್ಟಿಮಾಡಿಕೊಂಡು ಸಾಲ ಮಾಡಿದವರು. ಮೊದಲನೆಯದು ಸರ್ಕಾರ: 2021ರಲ್ಲಿ ಹತ್ತು ವರ್ಷದ ಬಾಂಡನ್ನು 6.10ರ ಬಡ್ಡಿಗೆ ಮಾರಿತು, ಬೆಲೆ ಏನೇ ಏರಲಿ, 2031ರವರೆಗೆ ಅದರ ಮೇಲೆ ಕೊಡುವುದು ಅಷ್ಟೇ. ಇನ್ನೊಬ್ಬರು ಮೇಷ್ಟ್ರ ಮಗ. ಅಮೆರಿಕದಲ್ಲಿ ಮನೆ ಸಾಲವೆಂದರೆ ಸಾಮಾನ್ಯವಾಗಿ ಮೂವತ್ತು ವರ್ಷಕ್ಕೂ ಒಂದೇ ಬಡ್ಡಿ. ಆತ ತಂದದ್ದು 2021ರ ಶುರುವಿನಲ್ಲಿ, ಆ ದರ ಮೂರು ಪರ್ಸೆಂಟಿಗಿಂತ ಕೆಳಗಿಳಿದಿದ್ದಾಗ. 2022ರ ಜೂನ್‌ನಲ್ಲಿ ಅಲ್ಲಿನ ಹಣದುಬ್ಬರ 9.1. ಸಂಬಳ ಏರುತ್ತಾ ಹೋಯಿತು, ಕಂತು ಅಲ್ಲೇ ನಿಂತಿತು. ಅವನಿಗೆ ಸಾಲ ಕೊಟ್ಟವರು ಅಲ್ಲಿ ಬಾಯಿ ಬಾಯಿ ಬಡಿದುಕೊಂಡಿರಬೇಕು. ಅಪ್ಪ ಮೈಸೂರಿನಲ್ಲಿ ಕಳೆದದ್ದನ್ನು ಮಗ ನ್ಯೂಜೆರ್ಸಿಯಲ್ಲಿ ಯಾರದ್ದೋ ಜೇಬಿನಿಂದ ವಸೂಲಿ ಮಾಡಿದ ಅಂದೆ. ಮೇಷ್ಟ್ರಿಗೆ ಸ್ವಲ್ಪ ಖುಷಿಯಾಯಿತು.

ಅಷ್ಟರಲ್ಲಿ ಭಟ್ಟರು ತಮ್ಮ ಕಾಂಪೌಂಡಿಗೆ ಮೊಣಕೈ ಊರಿದರು. ‘ನಿಮ್ಮದು ವರ್ಷದ ಲೆಕ್ಕ. ನನಗೆ ಕಮರ್ಷಿಯಲ್ ಸಿಲಿಂಡರ್ ರೇಟು ತಿಂಗಳ ಒಂದನೇ ತಾರೀಕು ಬದಲಾಗುತ್ತೆ ಮಾರಾಯ್ರೆ. ನಾನು ಪ್ರತಿ ತಿಂಗಳು ಬೋರ್ಡ್ ಬದಲಿಸಲಿಕ್ಕೆ ಆಗ್ತದಾ?’

ಆಗುವುದಿಲ್ಲ. ಅರ್ಥಶಾಸ್ತ್ರದವರು ಇದಕ್ಕೆ ಮೆನು ವೆಚ್ಚ ಅನ್ನುತ್ತಾರೆ. ಬೋರ್ಡಿನ ಪೇಂಟು, ಬಿಲ್ಲಿಂಗ್ ಮಿಷನ್ನಿನಲ್ಲಿ ಹೊಸ ರೇಟು ಹಾಕಿಸುವುದು, ಆನ್‌ಲೈನ್ ಆರ್ಡರಿನವರಿಗೆ ಬೇರೆ ಪಟ್ಟಿ. ಇವೆಲ್ಲ ಚಿಲ್ಲರೆ ಖರ್ಚು ಅನಿಸಬಹುದು. ಅಮೆರಿಕದ ಐದು ಸೂಪರ್‌ಮಾರ್ಕೆಟ್ ಸರಪಳಿಗಳ ಬಗ್ಗೆ 1997ರಲ್ಲಿ ಒಂದು ಅಧ್ಯಯನ ಬಂತು; ಬೆಲೆ ಚೀಟಿ ಬದಲಿಸುವ ಖರ್ಚು ವ್ಯಾಪಾರದ 0.7 ಪರ್ಸೆಂಟ್, ಆದರೆ ನಿವ್ವಳ ಲಾಭದ ಪಕ್ಕ ಇಟ್ಟು ನೋಡಿದರೆ ಅದರ ಮೂರನೇ ಒಂದು ಪಾಲಿಗಿಂತ ಹೆಚ್ಚು. ಭಟ್ಟರಿಗೆ ಪೇಂಟಿಗಿಂತ ದೊಡ್ಡ ಖರ್ಚು ಗಿರಾಕಿಯ ಮುಖ. ದಿನಾ ಬರುವವನು ಬೋರ್ಡ್ ನೋಡಿ ‘ಏನ್ರೀ ಇದು’ ಅಂದು ಎದುರಿನ ಹೋಟೆಲಿಗೆ ಹೋದರೆ ಅದಕ್ಕೆ ಬಿಲ್ ಎಲ್ಲಿದೆ?

ಕಾಫಿಗೆ ಹದಿನೈದು ರೂಪಾಯಿ ಇದೆ. ಖರ್ಚು ವರ್ಷಕ್ಕೆ ನಾಲ್ಕು ಪರ್ಸೆಂಟ್ ಏರಿದರೆ ಕಾಫಿ ಅರವತ್ತು ಪೈಸೆ ಏರಬೇಕು. ಅರವತ್ತು ಪೈಸೆ ಯಾರ ಹತ್ತಿರ ಇದೆ? ಹಾಗಾಗಿ ಭಟ್ಟರು ಹಲ್ಲುಕಚ್ಚಿ ಕಾಯುತ್ತಾರೆ. ನಷ್ಟ ಜಾಸ್ತಿಯಾಯಿತು ಅನಿಸಿದ ದಿನ ಒಮ್ಮೆಗೇ ಐದು ರೂಪಾಯಿ ಏರಿಸಿ ಮೂರನೇ ಒಂದು ಭಾಗ ಜಿಗಿಯುತ್ತಾರೆ. ಏರಿಕೆ ಇಷ್ಟೇ ಅಂತ ಗೊತ್ತಿದ್ದರೆ ಆ ದಿನವನ್ನು ಮೊದಲೇ ಗುರುತು ಹಾಕಿಕೊಳ್ಳಬಹುದು. 2022ರಂಥ ವರ್ಷ ಬಂದರೆ ಬೋರ್ಡ್ ಬರೆಸಿದ ಪೇಂಟು ಒಣಗುವ ಮುಂಚೆಯೇ ಅದು ಹಳತಾಗಿರುತ್ತದೆ. ಮತ್ತೆ ಬದಲಿಸಿದರೆ ಖರ್ಚು, ಬದಲಿಸದಿದ್ದರೆ ಪ್ರತಿ ಲೋಟದಲ್ಲೂ ನಷ್ಟ. ನಡುವೆ ಕಾಫಿಗೆ ಹಾಲು ಕಮ್ಮಿಯಾಯಿತು ಅಂತ ನಮಗೊಂದು ಗುಮಾನಿ, ಭಟ್ಟರು ಒಪ್ಪುವುದಿಲ್ಲ.

ಹಾಗೆ ನೋಡಿದರೆ ಬೋರ್ಡೂ ಮೇಷ್ಟ್ರ ಎಫ್‌ಡಿಯ ಹಾಗೇ. ಇಷ್ಟು ರೂಪಾಯಿ ಅಂತ ಬರೆದಾಗಿದೆ, ಮತ್ತೆ ಬರೆಯುವತನಕ ಆಗುವ ಏರುಪೇರನ್ನು ಬರೆದವನೇ ಹೊರಬೇಕು.

‘ಹಾಗಾದರೆ ಮುಂದಿನ ಸಲ ಏರುವ ಬಡ್ಡಿಯಲ್ಲೇ ಇಡ್ತೀನಿ’ ಅಂದರು ಮೇಷ್ಟ್ರು. ರಿಸರ್ವ್ ಬ್ಯಾಂಕಿನ ಫ್ಲೋಟಿಂಗ್ ಬಾಂಡು ಇದೆ, ಅಂಚೆ ಕಚೇರಿಯ ಎನ್‌ಎಸ್‌ಸಿ ಬಡ್ಡಿಗಿಂತ 0.35 ಜಾಸ್ತಿ, ಆರು ತಿಂಗಳಿಗೊಮ್ಮೆ ಹೊಸ ದರ. ಆದರೆ ಎನ್‌ಎಸ್‌ಸಿ ದರವನ್ನು ಗೊತ್ತುಮಾಡುವುದು ಸರ್ಕಾರ, ಬೆಲೆ ಸೂಚ್ಯಂಕವಲ್ಲ. ಬೆಲೆ ಏರಿದರೆ ಅದು ಏರಲೇಬೇಕೆಂದಿಲ್ಲ, ಬಡ್ಡಿ ಇಳಿಯುವ ಕಾಲದಲ್ಲಿ ಇಳಿಯಲೂಬಹುದು. ಮೇಲಾಗಿ ಏಳು ವರ್ಷ. ವಯಸ್ಸಾದವರಿಗೆ ಸ್ವಲ್ಪ ಮುಂಚೆ ತೆಗೆಯುವ ರಿಯಾಯಿತಿಯಿದೆ, ಅದಕ್ಕೂ ದಂಡ ಕಟ್ಟಬೇಕು.

‘ನಾನೂ ಫ್ಲೋಟಿಂಗ್ ಕಾಫಿ ಮಾಡ್ತೇನೆ, ಸಿಲಿಂಡರ್ ಏರಿದ ತಿಂಗಳು ನೀವು ಹದಿನೇಳೂವರೆ ಕೊಡಿ’ ಅಂದರು ಭಟ್ಟರು.

‘ಇಳಿದ ತಿಂಗಳು?’ ಅಂದರು ಮೇಷ್ಟ್ರು.

‘ಆಗ ಬೋರ್ಡ್ ಬದಲಿಸಲಿಕ್ಕೆ ಖರ್ಚಿದೆ ಮೇಷ್ಟ್ರೇ.’